ಚುಕ್ಕೆಗಳ ನಡುವೆ ಕಾಣದ ಅಪಾಯ

ಹೆದ್ದಾರಿಯ ನಕ್ಷೆಯ ಮೇಲೆ ಪ್ರತಿ ಅಪಘಾತಕ್ಕೂ ಒಂದು ಚುಕ್ಕೆ ಇಟ್ಟರೆ ಅಪಾಯದ ಜಾಗ ತಾನಾಗಿಯೇ ಕಾಣುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಒಂದೇ ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ದಾಖಲಾದ ಒಂಬತ್ತು ಅಪಘಾತಗಳು ಒಂದರ ಮೇಲೊಂದು ಕೂತು ಒಂದೇ ಚುಕ್ಕೆಯಾಗಿಬಿಡುತ್ತವೆ.

ರಸ್ತೆಯನ್ನು ತುಂಡು ಮಾಡಿ ಎಣಿಸಿದರೂ ತೊಡಕು ತಪ್ಪದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಮಾನದಂಡದಲ್ಲಿ, ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಲೆಕ್ಕಕ್ಕಾಗಿ ಒಂದು ರಸ್ತೆಯನ್ನು ಊಹಿಸಿಕೊಳ್ಳೋಣ. ಎರಡು ತುಂಡುಗಳು ಸೇರುವ ಗಡಿಯಿಂದ ಆಚೆ 50, 100, 150 ಮೀಟರ್ ದೂರದಲ್ಲಿ ಒಂದೊಂದು ಅಪಘಾತ; ಈಚೆಗೂ ಅಷ್ಟೇ. ಮುನ್ನೂರು ಮೀಟರ್ ಒಳಗೆ ಆರು ಅಪಘಾತಗಳಾಗಿದ್ದರೂ ಪ್ರತಿ ತುಂಡಿಗೆ ಸಿಗುವುದು ಮೂರೇ. ಎರಡೂ ಪಟ್ಟಿಯಿಂದ ಹೊರಗೆ!

ಕರ್ನೆಲ್ ಡೆನ್ಸಿಟಿ ವಿಧಾನದಲ್ಲಿ ಇಂಥ ಗಡಿಗಳೇ ಇಲ್ಲ. ಪ್ರತಿ ಅಪಘಾತದ ಮೇಲೂ ಒಂದು ಪುಟ್ಟ ದಿಬ್ಬ ಏಳುತ್ತದೆ: ನಡುವೆ ಎತ್ತರ, ದೂರ ಹೋದಂತೆ ಇಳಿಜಾರು, ಗೊತ್ತುಪಡಿಸಿದ ತ್ರಿಜ್ಯದ ಆಚೆ ಸೊನ್ನೆ. ದಿಬ್ಬಗಳ ಎತ್ತರವನ್ನೆಲ್ಲ ಕೂಡಿಸಿ ಬಣ್ಣ ಬಳಿದರೆ ನಕ್ಷೆ ಸಿದ್ಧ. ತ್ರಿಜ್ಯ 500 ಮೀಟರ್ ಇಟ್ಟು, ಸಾಮಾನ್ಯವಾಗಿ ಬಳಸುವ ಕ್ವಾರ್ಟಿಕ್ ಸೂತ್ರ ಹಾಕಿದರೆ 50 ಮೀಟರ್ ದೂರದ ಅಪಘಾತದ ಪಾಲು 0.98, 100 ಮೀಟರಿನದು 0.92, 150 ಮೀಟರಿನದು 0.83. ಎರಡೂ ಕಡೆ ಸೇರಿ ಆ ಗಡಿಯ ಮೇಲೆ 5.46. ಇನ್ನೊಂದೆಡೆ, ನೂರು ಮೀಟರಿಗೊಂದರಂತೆ ಐದು ಅಪಘಾತಗಳಾಗಿ ಪಟ್ಟಿ ಸೇರಿದ ತುಂಡಿನ ಶಿಖರ ಬರೀ 4.25. ಪಟ್ಟಿ ಬಿಟ್ಟ ಜಾಗವೇ ಹೆಚ್ಚು ಕೆಂಪಾಗಿ ಕಾಣುತ್ತದೆ.

ಇಲ್ಲಿ ನಿರ್ಣಾಯಕವಾದದ್ದು ತ್ರಿಜ್ಯ. 50 ಮೀಟರ್ ಇಟ್ಟರೆ ಪ್ರತಿ ಅಪಘಾತವೂ ಒಂಟಿ ದಿಬ್ಬವಾಗಿ ನಕ್ಷೆ ಮತ್ತೆ ಚುಕ್ಕೆಗಳತ್ತಲೇ ಜಾರುತ್ತದೆ. 5 ಕಿಲೋಮೀಟರ್ ಇಟ್ಟರೆ ಇಡೀ ತಾಲ್ಲೂಕಿನ ರಸ್ತೆ ಕೆಂಪಾಗಿ, ತಡೆಗೋಡೆ ಎಲ್ಲಿ ಕಟ್ಟಬೇಕೆಂಬುದು ತಿಳಿಯದು. ಎರಡು ಮೂರು ತ್ರಿಜ್ಯಗಳಲ್ಲಿ ನಕ್ಷೆ ಮಾಡಿ, ಎಲ್ಲದರಲ್ಲೂ ಉಳಿಯುವ ಶಿಖರವನ್ನು ನಂಬುವುದು ಒಳ್ಳೆಯದು. ಕ್ಯೂಜಿಐಎಸ್ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಮೊದಲು ದತ್ತಾಂಶವನ್ನು ಅಕ್ಷಾಂಶ-ರೇಖಾಂಶದಿಂದ ಮೀಟರ್ ಲೆಕ್ಕಕ್ಕೆ ಬದಲಿಸಿಕೊಳ್ಳಬೇಕು. ಕರ್ನಾಟಕದ ಬಹುಭಾಗಕ್ಕೆ EPSG:32643 ಹೊಂದುತ್ತದೆ.

ಘಾಟಿಯಲ್ಲಿ ಇನ್ನೊಂದು ಎಚ್ಚರ ಬೇಕು. ಆಗುಂಬೆಯಂಥ ಕಡೆ ಒಂದರ ಕೆಳಗೊಂದು ಮಡಚಿಕೊಂಡ ತಿರುವುಗಳು ನೇರ ಅಳತೆಯಲ್ಲಿ ಪಕ್ಕಪಕ್ಕ, ವಾಹನಕ್ಕೆ ಮಾತ್ರ ದೂರ. ಸಾಮಾನ್ಯ ವಿಧಾನ ಮೇಲಿನ ತಿರುವಿನ ಅಪಘಾತವನ್ನು ಕೆಳಗಿನದಕ್ಕೂ ಹಂಚಿ, ಇಲ್ಲದ ಶಿಖರ ಎಬ್ಬಿಸುತ್ತದೆ. ಅಲ್ಲಿ ರಸ್ತೆಯ ಉದ್ದಕ್ಕೇ ದೂರ ಅಳೆಯುವ ನೆಟ್‌ವರ್ಕ್ ಕರ್ನೆಲ್ ಬಳಸಬೇಕು. ಶಿಖರ ನಿಜವೋ ಸುಳ್ಳೋ ತಿಳಿಯಲು ಅದರಡಿಯ ಚುಕ್ಕೆಗಳನ್ನು ತೆರೆದು, ಪ್ರತಿಯೊಂದೂ ಯಾವ ತಿರುವಿನದೆಂದು ನೋಡಿದರಾಯಿತು.

ಈ ಮೇಲ್ಮೈ ತೋರಿಸುವುದು ಅಪಘಾತಗಳ ದಟ್ಟಣೆಯನ್ನೇ ಹೊರತು ಒಬ್ಬ ಸವಾರನ ಅಪಾಯವನ್ನಲ್ಲ. ಹತ್ತು ಪಟ್ಟು ವಾಹನ ಓಡುವ ನಗರದ ಅಂಚು ಸದಾ ಕೆಂಪಾಗಿರುತ್ತದೆ. ಹಳ್ಳಿಯ ಬದಿಯ ಮಾರಕ ತಿರುವು ಕಾಣಬೇಕಾದರೆ ಆ ಮೊತ್ತವನ್ನು ಅಲ್ಲಲ್ಲಿನ ವಾಹನಗಳ ಎಣಿಕೆಯಿಂದ ಭಾಗಿಸಬೇಕು.