ಅಂಗಾಲ ಹುಣ್ಣಿನ ದಿನಚರಿ

ಮಧುಮೇಹವು ಹಲವು ವರ್ಷ ದೇಹದಲ್ಲಿ ನೆಲೆಸಿದ ಬಳಿಕ ಕಾಲಿನ ನರಗಳು ಮೆಲ್ಲಮೆಲ್ಲನೆ ಅರಿವನ್ನು ಕಳೆದುಕೊಳ್ಳುವುದುಂಟು. ಅಂತಹ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಬೇಸಗೆಯ ನಡುಹಗಲಿನಲ್ಲಿ ದೇವಾಲಯದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದರೆ ಸುಟ್ಟದ್ದೂ ತಿಳಿಯದು. ನೋವಿಲ್ಲದ ಹುಣ್ಣು ಮನೆಮಂದಿಯ ಕಣ್ಣಿಗೂ ಹಗುರವಾಗಿಯೇ ಕಾಣುತ್ತದೆ. ಪೆರ್ಡೂರಿನಂತಹ ಊರಿನವರು ಹಿರಿಯಡ್ಕದ ದಾರಿಯಾಗಿ ಮಣಿಪಾಲದ ಆಸ್ಪತ್ರೆಗೆ ಹೋಗಿ, ಹುಣ್ಣನ್ನು ತೋರಿಸಿ, ಔಷಧಿ ಪಡೆದು ಮರಳುತ್ತಾರೆ. ಮುಂದಿನ ಭೇಟಿಯವರೆಗೆ ಅದು ಮಾಗುತ್ತಿದೆಯೆ, ಇಲ್ಲವೆ ಎಂದು ತಿಳಿಯುವುದು ಹೇಗೆ? ದಿನವೂ ನೋಡುವ ಕಣ್ಣು ಇದಕ್ಕೆ ಒಳ್ಳೆಯ ಸಾಕ್ಷಿಯಲ್ಲ. ನಿನ್ನೆಯ ನೆನಪಿನೊಂದಿಗೆ ಮಾತ್ರ ಅದು ಇಂದಿನದನ್ನು ಹೋಲಿಸಬಲ್ಲುದು. ತಿಂಗಳ ಹಿಂದಿನ ಆಕಾರ ಅದಕ್ಕೆ ನೆನಪಿರದು. ಆದುದರಿಂದ ವಾರಕ್ಕೊಮ್ಮೆ ಕ್ರಮವಾಗಿ ತೆಗೆದ ಛಾಯಾಚಿತ್ರವು ಬೇಕಾಗುತ್ತದೆ.

ಈ ಕ್ರಮಕ್ಕೆ ನಾಲ್ಕು ವಾರಗಳ ಒಂದು ಗಡುವುಂಟು. ಅಮೆರಿಕದಲ್ಲಿ ಶೀಹನ್ ಮತ್ತು ಅವರ ಸಂಗಡಿಗರು ಮಧುಮೇಹದಿಂದ ಕಾಲಹುಣ್ಣಾದ 203 ಮಂದಿಯನ್ನು ಗಮನಿಸಿ 2003ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ನಾಲ್ಕು ವಾರಗಳಲ್ಲಿ ಹುಣ್ಣಿನ ವಿಸ್ತಾರವು ಅರ್ಧಕ್ಕಿಂತ ತುಸು ಹೆಚ್ಚು ತಗ್ಗಿದವರಲ್ಲಿ ನೂರಕ್ಕೆ 58 ಮಂದಿ ಹನ್ನೆರಡು ವಾರಗಳೊಳಗೆ ಗುಣ ಹೊಂದಿದ್ದರು. ಅಷ್ಟು ತಗ್ಗದವರಲ್ಲಿ ಗುಣ ಹೊಂದಿದವರು ನೂರಕ್ಕೆ 9 ಮಂದಿ ಮಾತ್ರ. ಎಂದರೆ, ನಾಲ್ಕನೆಯ ವಾರದ ಅಳತೆಯು ಹನ್ನೆರಡನೆಯ ವಾರದ ಸುದ್ದಿಯನ್ನು ಬಹುಮಟ್ಟಿಗೆ ಮೊದಲೇ ಹೇಳುತ್ತದೆ. ಆ ಅಳತೆ ಸರಿಯಾಗಿರಬೇಕು, ಅಷ್ಟೆ.

ಒಬ್ಬ ಕಲ್ಪಿತ ಗೃಹಸ್ಥರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅವರ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಒಂದು ಹುಣ್ಣು. ತಮ್ಮ ಅಂಗಾಲಿನ ಚಿತ್ರವನ್ನು ತಾವೇ ತೆಗೆಯುವುದು ಆಗದ ಮಾತಾದ್ದರಿಂದ ಮಗಳು ಮೊಬೈಲಿನಲ್ಲಿ ತೆಗೆಯುತ್ತಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಪಟ್ಟಿ ಬದಲಿಸುವಾಗ, ಹುಣ್ಣನ್ನು ತೊಳೆದು ಒರೆಸಿದ ಮೇಲೆಯೇ ಚಿತ್ರ. ತೊಳೆಯುವ ಮೊದಲು ತೆಗೆದರೆ ಕೀವು, ಮುಲಾಮುಗಳು ಅಂಚನ್ನು ಮರೆಸುತ್ತವೆ. ತಂದೆ ಕುರ್ಚಿಯಲ್ಲಿ ಕುಳಿತು ಕಾಲನ್ನು ಎದುರಿನ ಮಣೆಯ ಮೇಲೆ ಚಾಚುತ್ತಾರೆ. ಹಿಮ್ಮಡಿ ಮಣೆಯ ಅಂಚಿನಿಂದ ಆಚೆಗೆ ಇರುವುದರಿಂದ ಅಂಗಾಲು ನೆಟ್ಟಗೆ ನಿಲ್ಲುತ್ತದೆ.

ಬೆಳಕಿನ ವಿಚಾರವಾಗಿ ಮಗಳು ಒಂದು ನಿಯಮವನ್ನು ಪಾಲಿಸುತ್ತಾಳೆ. ಜಗಲಿಯ ಅದೇ ಮೂಲೆ, ಅದೇ ಹೊತ್ತು. ನೇರ ಬಿಸಿಲು ಬೀಳದ ಆ ಜಾಗದಲ್ಲಿ ಬೆಳಕು ಒಂದು ಬದಿಯಿಂದ ಬರುತ್ತದೆ. ಇನ್ನೊಂದು ಬದಿಗೆ ಬಿಳಿಯ ಬಟ್ಟೆಯನ್ನು ಹಿಡಿದರೆ ನೆರಳು ತಿಳಿಯಾಗುತ್ತದೆ. ಫ್ಲ್ಯಾಷ್ ಉರಿಸಿದರೆ ಒದ್ದೆಯಾದ ಹುಣ್ಣಿನ ಮೇಲೆ ಬಿಳಿಯ ಹೊಳಪು ಬಿದ್ದು, ಅದರಡಿಯಲ್ಲಿ ಏನಿದೆಯೆಂಬುದೇ ಕಾಣದು. ಸಂಜೆಯ ಹಳದಿ ದೀಪದಲ್ಲಿ ತೆಗೆದರೆ ಕೆಂಪಾದ ಹೊಸ ಮಾಂಸವೂ ಹಳದಿಯಾದ ಸತ್ತ ಮಾಂಸವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಮಳೆಗಾಲದಲ್ಲಿ ಆಕಾಶವೇ ಕಪ್ಪಿಟ್ಟಾಗ ಏನು ಮಾಡಬೇಕು? ಪ್ರತಿ ಚಿತ್ರದಲ್ಲಿಯೂ ಕಾಲಿನ ಪಕ್ಕದಲ್ಲಿ ಒಂದೇ ಬಿಳಿಯ ಕಾಗದದ ತುಂಡನ್ನು ಇಡತಕ್ಕದ್ದು. ಅದು ಒಂದು ವಾರ ಬಿಳಿಯಾಗಿ, ಇನ್ನೊಂದು ವಾರ ನಸುಹಳದಿಯಾಗಿ ಕಂಡರೆ, ಬದಲಾದದ್ದು ಬೆಳಕು ಎಂದು ತಿಳಿಯಬಹುದು. ಆ ಕಾಗದದ ಮೇಲೆಯೇ ದಿನಾಂಕವನ್ನೂ ಎಡಗಾಲೋ ಬಲಗಾಲೋ ಎಂಬುದನ್ನೂ ಬರೆಯಬೇಕು.

ಅಳತೆಪಟ್ಟಿಯಿಲ್ಲದ ಚಿತ್ರದಲ್ಲಿ ಹುಣ್ಣು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಮಿಲಿಮೀಟರಿನ ಗೆರೆಗಳುಳ್ಳ ಶುಚಿಯಾದ ಕಾಗದದ ಪಟ್ಟಿಯನ್ನು ಹುಣ್ಣಿಗೆ ತಾಗದಂತೆ, ಪಕ್ಕದ ಚರ್ಮಕ್ಕೆ ಒರಗಿಸಿ ಇಡಬೇಕು. ಚಿತ್ರದಲ್ಲಿ ಪಟ್ಟಿಯ 10 ಮಿಲಿಮೀಟರು 15 ಮಿಲಿಮೀಟರಿನಷ್ಟು ಕಂಡು, ಹುಣ್ಣು 36ರಷ್ಟು ಉದ್ದ, 27ರಷ್ಟು ಅಗಲ ಕಂಡರೆ, ಅದರ ನಿಜವಾದ ಉದ್ದ 24, ಅಗಲ 18. ಅತ್ಯಂತ ಉದ್ದನೆಯ ಗೆರೆಯೇ ಉದ್ದ, ಅದಕ್ಕೆ ಲಂಬವಾಗಿ ಅತ್ಯಂತ ಅಗಲವಾದುದೇ ಅಗಲ. ಎರಡನ್ನೂ ಗುಣಿಸಿದರೆ 432. ಇದು ನಿಜವಾದ ವಿಸ್ತಾರಕ್ಕಿಂತ ಹೆಚ್ಚೇ ಸರಿ. ಆದರೆ ಆಕಾರ ಹೆಚ್ಚು ಬದಲಾಗದಿದ್ದರೆ ವಾರದಿಂದ ವಾರಕ್ಕೆ ಹೋಲಿಸಲು ಸಾಕು.

ನಾಲ್ಕು ವಾರಗಳ ತರುವಾಯ ನಮ್ಮ ಗೃಹಸ್ಥರ ಹುಣ್ಣು 20 ಉದ್ದ, 15 ಅಗಲಕ್ಕೆ ಬಂತೆನ್ನೋಣ. ಗುಣಿಸಿದರೆ 300. ಮೊದಲಿನದರ ಅರ್ಧವೆಂದರೆ 216. ಹುಣ್ಣು ಕಿರಿದಾಗಿದೆ, ಕೆಂಪಗೂ ಇದೆ, ಮನೆಯವರು ಸಮಾಧಾನಪಡುತ್ತಾರೆ. ಆದರೆ ತಗ್ಗಿದ್ದು ನೂರಕ್ಕೆ 31ರಷ್ಟೇ. ವೈದ್ಯರನ್ನು ಮತ್ತೆ ಕಾಣಬೇಕಾದ ಹೊತ್ತು ಇದು. ನಡೆಯುವಾಗ ಭಾರ ಆ ಜಾಗದ ಮೇಲೆಯೇ ಬೀಳುತ್ತಿದೆಯೆ, ಕಾಲಿಗೆ ರಕ್ತ ಸಾಲದೆ ಹೋಗಿದೆಯೆ, ಮೂಳೆಗೆ ಸೋಂಕು ಇಳಿದಿದೆಯೆ ಎಂದು ಅವರು ಪರೀಕ್ಷಿಸುತ್ತಾರೆ. ಕಾರಣವನ್ನು ತಿಳಿಯದೆ ಕಾಲ ಕಳೆದರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಪ್ರಸಂಗ ಬರಬಹುದು.

ಈಗ ಅದೇ ದಿನ ಚಿತ್ರವನ್ನು ಅವಸರದಲ್ಲಿ ತೆಗೆದರೆ ಏನಾದೀತು ನೋಡಿ. ಮೊಬೈಲು ಹುಣ್ಣಿಗೆ 10 ಸೆಂಟಿಮೀಟರು ದೂರದಲ್ಲಿದೆ. ಪಟ್ಟಿಯನ್ನು ಚರ್ಮಕ್ಕೆ ಒರಗಿಸದೆ ಕೈಯಲ್ಲಿ ಹಿಡಿದುದರಿಂದ ಅದು ಮೊಬೈಲಿಗೆ 1 ಸೆಂಟಿಮೀಟರು ಹತ್ತಿರವಾಯಿತು. ಹತ್ತಿರದ ಪಟ್ಟಿ ದೊಡ್ಡದಾಗಿ ಕಾಣುವುದರಿಂದ ಹುಣ್ಣಿನ ಲೆಕ್ಕ ಹತ್ತರಲ್ಲಿ ಒಂದು ಪಾಲು ಕುಗ್ಗಿತು. ಜೊತೆಗೆ ಪಾದವು ಒಂದು ಬದಿಗೆ 30 ಡಿಗ್ರಿ ಹೊರಳಿದ್ದರಿಂದ ಅಗಲವು ಮತ್ತೂ ನೂರಕ್ಕೆ 13ರಷ್ಟು ಕಡಿಮೆಯಾಗಿ ಕಂಡಿತು. ಆಗ ಉದ್ದ 18, ಅಗಲ ಸುಮಾರು 11.7, ವಿಸ್ತಾರ 211. ಗಡುವನ್ನು ದಾಟದ ಹುಣ್ಣು ಕಾಗದದ ಮೇಲೆ ದಾಟಿಬಿಟ್ಟಿತು!

ಈ ಎರಡು ದೋಷಗಳಿಗೂ ಪರಿಹಾರ ಸುಲಭ. 30 ಸೆಂಟಿಮೀಟರಿನ ಒಂದು ಕಡ್ಡಿಯಿಂದ ದೂರವನ್ನು ಪ್ರತಿ ಸಲ ಅಳೆದರೆ, ಪಟ್ಟಿ 1 ಸೆಂಟಿಮೀಟರು ಹತ್ತಿರವಿದ್ದರೂ ಉದ್ದದಲ್ಲಿ ಬರುವ ತಪ್ಪು ನೂರಕ್ಕೆ ಮೂರಕ್ಕೆ ಇಳಿಯುತ್ತದೆ. ಹೊರಳುವಿಕೆಯನ್ನು ಹಿಡಿಯಲು ಎರಡು ಪಟ್ಟಿಗಳನ್ನು ಲಂಬವಾಗಿ ಜೋಡಿಸಬೇಕು. ನ್ಯಾಯವೈದ್ಯರು ಕಚ್ಚಿದ ಗುರುತುಗಳ ಚಿತ್ರಕ್ಕೆ ಬಳಸುವ ಮೂಲೆಮಟ್ಟದಂತಹ ಅಳತೆಪಟ್ಟಿಯ ಗುಟ್ಟೂ ಇದೇ. ಎರಡು ತೋಳುಗಳ ಸೆಂಟಿಮೀಟರುಗಳೂ ಚಿತ್ರದಲ್ಲಿ ಸಮವಾಗಿದ್ದರೆ ಮೊಬೈಲು ಎದುರಾಗಿತ್ತು. ಒಂದು ಗಿಡ್ಡವಾಗಿದ್ದರೆ ಓರೆಯಾಗಿತ್ತು, ಚಿತ್ರವನ್ನು ಮತ್ತೆ ತೆಗೆಯಬೇಕು.

ಅಳತೆ ಸರಿಯಿದ್ದರೂ ಓದುವಾಗ ಒಂದು ಎಚ್ಚರಿಕೆ ಬೇಕು. ವೈದ್ಯರು ಸತ್ತ ಮಾಂಸವನ್ನೂ ಸುತ್ತಲಿನ ಗಟ್ಟಿ ಚರ್ಮವನ್ನೂ ಕತ್ತರಿಸಿ ತೆಗೆದ ವಾರ ಹುಣ್ಣು ದೊಡ್ಡದಾಗಿಯೇ ಕಾಣುತ್ತದೆ. ಅದು ಹಿನ್ನಡೆಯಲ್ಲ, ಅಡಗಿದ್ದ ಅಂಚು ಹೊರಬಿದ್ದದ್ದು. ಆ ದಿನದ ಅಳತೆಯನ್ನು ಗುರುತು ಹಾಕಿ, ಅಲ್ಲಿಂದ ಎಣಿಕೆಯನ್ನು ಹೊಸದಾಗಿ ಆರಂಭಿಸಬೇಕು.

ಛಾಯಾಚಿತ್ರವು ಆಳವನ್ನು ತೋರಿಸದು, ವಾಸನೆಯನ್ನು ಹೇಳದು. ನಮ್ಮ ಕಪ್ಪುಮೈಯಲ್ಲಿ ಸೋಂಕಿನ ಕೆಂಪೂ ಅದರಲ್ಲಿ ಸ್ಪಷ್ಟವಾಗದು. ಆದುದರಿಂದ ಸುತ್ತಲಿನ ಚರ್ಮವನ್ನು ಕೈಯಿಂದ ಮುಟ್ಟಿ, ಇನ್ನೊಂದು ಕಾಲಿನ ಅದೇ ಜಾಗಕ್ಕಿಂತ ಬಿಸಿಯಾಗಿದೆಯೆ ಎಂದು ನೋಡಬೇಕು. ಬಿಸಿ, ಬಾವು, ದುರ್ವಾಸನೆ, ಜ್ವರ, ಕಪ್ಪಿಟ್ಟ ಬೆರಳು—ಇವುಗಳಲ್ಲಿ ಒಂದು ಕಂಡರೂ ಮುಂದಿನ ಭಾನುವಾರವನ್ನು ಕಾಯದೆ ಅಂದಿನ ಬಸ್ಸನ್ನೇ ಹಿಡಿಯತಕ್ಕದ್ದು.