ಮೊದಲ ದಿನವೇ ಅಪ್‌ಡೇಟ್ ಹಾಕೋದಾ, ಕಾಯೋದಾ?

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಒಂದು ಅಭ್ಯಾಸ ಇದೆ. ವಿಂಡೋಸ್‌ನ ಹೊಸ ಆವೃತ್ತಿ ಬಂತು ಅಂತ ಗೊತ್ತಾದ ತಕ್ಷಣ ಸೆಟ್ಟಿಂಗ್ಸ್ ತೆಗೆದು Check for updates ಬಟನ್ ಒತ್ತುತ್ತಾನೆ. "ಮೊದಲ ದಿನ ಹಾಕಿದ್ರೆ ಏನಾಗುತ್ತೋ? ಜಾಸ್ತಿ ಅಂದ್ರೆ ಸ್ವಲ್ಪ ಹ್ಯಾಂಗ್ ಆಗುತ್ತೆ, ಆಮೇಲೆ ಸರಿ ಮಾಡ್ತಾರೆ" ಅನ್ನೋದು ಅವನ ವಾದ. ಹ್ಯಾಂಗ್ ಆದರೆ ಸರಿ ಮಾಡಬಹುದು, ನಿಜ. ಆದರೆ ಸರಿ ಮಾಡೋಕೇ ಆಗದಂಥ ಬಗ್ ಒಂದು 2018ರಲ್ಲಿ ಬಂದಿತ್ತು. ಅದು ಹೇಗೆ ನಡೀತು ಅಂತ ನೋಡಿದರೆ, ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಅನ್ನೋದು ಅರ್ಥ ಆಗುತ್ತೆ.

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ 1809 ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದು ಇನ್ನೂ ಎಲ್ಲರ ಕಂಪ್ಯೂಟರಿಗೂ ತಾನಾಗಿ ಹೋಗುತ್ತಿರಲಿಲ್ಲ. ತಾವಾಗಿಯೇ ಆ ಬಟನ್ ಒತ್ತಿದವರಿಗೆ ಮಾತ್ರ ಸಿಗುತ್ತಿತ್ತು. ಅವರಲ್ಲಿ ಕೆಲವರು "ನನ್ನ ಫೈಲ್‌ಗಳೇ ಮಾಯವಾಗಿವೆ" ಅಂತ ದೂರು ಕೊಡೋಕೆ ಶುರು ಮಾಡಿದರು. ಆ ವಾರ ಮುಗಿಯೋದರೊಳಗೆ ಕಂಪನಿ ಬಿಡುಗಡೆಯನ್ನೇ ನಿಲ್ಲಿಸಿತು. ಸರಿಮಾಡಿ ಮತ್ತೆ ಬಿಟ್ಟಿದ್ದು ನವೆಂಬರ್ 13ರಂದು, ಅಂದರೆ ಆರು ವಾರದ ನಂತರ.

ಆಗಿದ್ದೇನು? ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ನಮ್ಮಲ್ಲಿ ತುಂಬಾ ಜನರ ಹಾಗೆ ಅವಳ ಲ್ಯಾಪ್‌ಟಾಪಿನಲ್ಲೂ ಸಿ ಡ್ರೈವ್ ಚಿಕ್ಕದು, ಡಿ ಡ್ರೈವ್ ದೊಡ್ಡದು. ಎರಡನೇ ಸೆಮ್‌ನಲ್ಲಿ ಸಿ ತುಂಬಿಹೋಯ್ತು. ಆಗ Documents ಫೋಲ್ಡರ್‌ನ ಜಾಗವನ್ನು D:\Documents ಅಂತ ಬದಲಾಯಿಸಿದಳು. ಹಳೆಯ ಫೈಲ್‌ಗಳನ್ನೂ ಹೊಸ ಜಾಗಕ್ಕೆ ಸಾಗಿಸಲಾ ಅಂತ ವಿಂಡೋಸ್ ಕೇಳಿತು. ತುಂಬಾ ಹೊತ್ತು ಹಿಡಿಯುತ್ತೆ ಅಂತ ಇವಳು ಬೇಡ ಅಂದಳು. ಅಲ್ಲಿಂದ ಮುಂದೆ ಅವಳು Documents ಒತ್ತಿದರೆ ಡಿ ಡ್ರೈವ್‌ನ ಫೋಲ್ಡರ್ ಮಾತ್ರ ತೆರೆಯುತ್ತೆ. ಮೊದಲ ಸೆಮ್‌ನ ಫೈಲ್‌ಗಳು ಸಿ ಡ್ರೈವ್‌ನ ಹಳೆಯ ಫೋಲ್ಡರ್‌ನಲ್ಲೇ ಸದ್ದಿಲ್ಲದೆ ಉಳಿದಿವೆ.

ಈಗ ಕಥೆಯ ಇನ್ನೊಂದು ಭಾಗ. 1809ಕ್ಕಿಂತ ಹಿಂದಿನ ಆವೃತ್ತಿ ಬಂದಾಗ, ಹೀಗೆ ಜಾಗ ಬದಲಿಸಿದವರಿಗೆ ಒಂದು ಸಣ್ಣ ಕಿರಿಕಿರಿ ಇತ್ತು: ಅದೇ ಹೆಸರಿನ ಖಾಲಿ ಫೋಲ್ಡರ್ ಇನ್ನೊಂದು ಕಾಣಿಸಿಕೊಳ್ಳುತ್ತಿತ್ತು. ಜನ ದೂರಿದರು. ಆ ಖಾಲಿ ನಕಲುಗಳನ್ನು ತೆಗೆದುಹಾಕೋಕೆ 1809ರಲ್ಲಿ ಹೊಸ ಕೋಡ್ ಸೇರಿಸಿದರು. ಆ ಕೋಡ್ ಅಪ್‌ಡೇಟ್‌ನಲ್ಲಿ ಮಾಡಿದ್ದ ಇನ್ನೊಂದು ಬದಲಾವಣೆಯ ಜೊತೆ ಸೇರಿದಾಗ, ಖಾಲಿ ನಕಲಿನ ಬದಲು ಹಳೆಯ ಫೋಲ್ಡರನ್ನೇ, ಒಳಗಿದ್ದ ಫೈಲ್‌ಗಳ ಸಮೇತ ಅಳಿಸಿತು. ಅಂದರೆ ಒಂದು ಸಣ್ಣ ಬಗ್‌ಗೆ ಮಾಡಿದ ರಿಪೇರಿಯೇ ದೊಡ್ಡ ಬಗ್ ಆಯ್ತು.

ನಮ್ಮ ವಿದ್ಯಾರ್ಥಿನಿಗೆ ಇದು ತಕ್ಷಣ ಗೊತ್ತೂ ಆಗಲ್ಲ. ಅಪ್‌ಡೇಟ್ ಮುಗಿದ ಮೇಲೆ Documents ಒತ್ತಿದರೆ ಡಿ ಡ್ರೈವ್‌ನದ್ದು ಎಂದಿನಂತೆ ತೆರೆಯುತ್ತೆ. ಎರಡು ತಿಂಗಳಾದ ಮೇಲೆ ಮೊದಲ ಸೆಮ್‌ನ ಯಾವುದೋ ರಿಪೋರ್ಟ್ ಹುಡುಕುವಾಗಲೇ ಗೊತ್ತಾಗೋದು. ಅಷ್ಟರಲ್ಲಿ ಅಳಿಸಿದ ಜಾಗದ ಮೇಲೆ ಹೊಸ ಡೇಟಾ ಬರೆದಿರುತ್ತೆ, ವಾಪಸ್ ಸಿಗೋದು ಕಷ್ಟ. ಹಳೆಯ ಆವೃತ್ತಿಗೆ ಮರಳೋಕೆ Go back ಅನ್ನೋ ಆಯ್ಕೆ ಇದೆ, ಸಾಮಾನ್ಯವಾಗಿ ಹತ್ತು ದಿನದವರೆಗೆ. ಆದರೆ ಅದು ಇರೋದು ಹಳೆಯ ವಿಂಡೋಸನ್ನು ತರೋಕೆ. ಅದನ್ನು ನಮ್ಮ ಫೈಲ್‌ಗಳ ಬ್ಯಾಕಪ್ ಅಂತ ಅಂದುಕೊಳ್ಳಬಾರದು.

ಇಂಥ ಬಗ್ ಪರೀಕ್ಷೆಯಲ್ಲೇ ಸಿಗಬೇಕಿತ್ತಲ್ವಾ ಅಂತ ನನಗೂ ಅನ್ನಿಸಿತ್ತು. ಫೈಲ್ ಕಳೆದುಹೋದ ದೂರುಗಳು ಒಟ್ಟು ಇನ್‌ಸ್ಟಾಲ್‌ಗಳಲ್ಲಿ 0.01% ಅಂತ ಮೈಕ್ರೋಸಾಫ್ಟ್ ಹೇಳಿತು. ಅಂದರೆ 10,000ಕ್ಕೆ ಒಂದು. ಇಂಥ ಬಗ್ ಇರೋ ಆವೃತ್ತಿಯನ್ನು 1,000 ಜನ ಪರೀಕ್ಷೆ ಮಾಡಿದರೆ, ಅವರಲ್ಲಿ ಒಬ್ಬರಿಗೂ ಅದು ಕಾಣಿಸದೇ ಇರೋ ಸಂಭವನೀಯತೆ 0.9999ರ ಸಾವಿರನೇ ಘಾತ, ಹೆಚ್ಚುಕಮ್ಮಿ 90%. ಮುಂಚಿತವಾಗಿ ಪರೀಕ್ಷಿಸುವವರಿಂದ ದೂರು ಬಂದರೂ ಕಷ್ಟವೇ, ಯಾಕೆಂದರೆ ತುಂಬಾ ಜನರಿಗೆ ಆಗೋ ಸಣ್ಣ ತೊಂದರೆಗಳ ರಾಶಿಯಲ್ಲಿ ಒಬ್ಬಿಬ್ಬರ ದೊಡ್ಡ ತೊಂದರೆ ಮುಚ್ಚಿಹೋಗುತ್ತೆ. ಈ ಘಟನೆ ಆದ ಮೇಲೆ, ದೂರು ಕೊಡುವಾಗ ತೊಂದರೆ ಎಷ್ಟು ಗಂಭೀರ ಅಂತಲೂ ಹೇಳೋ ವ್ಯವಸ್ಥೆಯನ್ನು ಅವರು ಸೇರಿಸಿದರು. ಹಾಗಾಗಿ ಮೊದಲ ದಿನ ಬಟನ್ ಒತ್ತುವವರೇ ನಿಜವಾದ ದೊಡ್ಡ ಪರೀಕ್ಷೆ. ಕಾಯೋದು ಅಂದರೆ ಆ ಪರೀಕ್ಷೆಯ ಫಲಿತಾಂಶ ಬರೋವರೆಗೆ ಕಾಯೋದು.

"ವರ್ಚುವಲ್ ಮಷೀನ್‌ನಲ್ಲಿ ಹಾಕಿ ನೋಡ್ತೀನಿ" ಅಂತ ಕೆಲವರು ಹೇಳ್ತಾರೆ. ಹೊಸ ಫೀಚರ್ ನೋಡೋಕೆ ಅದು ಚೆನ್ನಾಗಿದೆ. ಆದರೆ ಈ ಬಗ್ ಅಲ್ಲಿ ಸಿಗುತ್ತಿರಲಿಲ್ಲ. ಹೊಸದಾಗಿ ಮಾಡಿದ ಮಷೀನ್‌ನಲ್ಲಿ ಯಾರೂ ಫೋಲ್ಡರ್‌ನ ಜಾಗ ಬದಲಿಸಿರೋದಿಲ್ಲ. ತೊಂದರೆ ಇದ್ದದ್ದು ನಾವು ಬಳಸಿ ಬಳಸಿ ಮಾಡಿಕೊಂಡ ಬದಲಾವಣೆಗಳಲ್ಲಿ.

ಹಾಗಂತ ಎಲ್ಲಾ ಅಪ್‌ಡೇಟ್‌ಗೂ ಕಾಯೋದು ಇದಕ್ಕಿಂತ ದೊಡ್ಡ ತಪ್ಪು. 2017ರ ಮಾರ್ಚ್ 14ರಂದು ವಿಂಡೋಸ್‌ಗೆ MS17-010 ಅನ್ನೋ ಭದ್ರತಾ ಅಪ್‌ಡೇಟ್ ಬಂತು. ಮೇ 12ರಂದು WannaCry ದಾಳಿ ಶುರುವಾಗಿ, ಆ ಅಪ್‌ಡೇಟ್ ಹಾಕದ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅಲ್ಲಿ ಫೈಲ್ ಕಳಕೊಂಡವರು ಕಾದವರು. ವ್ಯತ್ಯಾಸ ಇಷ್ಟೇ: ತಿಂಗಳ ಭದ್ರತಾ ಅಪ್‌ಡೇಟ್ ಈಗಾಗಲೇ ಬಯಲಾದ ತೂತನ್ನು ಮುಚ್ಚುತ್ತೆ, ಅದನ್ನು ತಡಮಾಡದೆ ಹಾಕಬೇಕು. ಹೊಸ ಆವೃತ್ತಿ ಹೊಸ ಕೋಡನ್ನು ತರುತ್ತೆ. ನೀವು ಬಳಸ್ತಾ ಇರೋ ಆವೃತ್ತಿಗೆ ಭದ್ರತಾ ಅಪ್‌ಡೇಟ್ ಬರ್ತಾ ಇರೋವರೆಗೂ ಅದಕ್ಕೆ ಕೆಲವು ವಾರ ಕಾದರೆ ನಷ್ಟ ಕಡಿಮೆ.

ಕಾಯೋದು ಹೇಗೆ? ವಿಂಡೋಸ್ 11ರ ಅಪ್‌ಡೇಟ್ ಪುಟದಲ್ಲಿ Get the latest updates as soon as they're available ಅನ್ನೋ ಸ್ವಿಚ್ ಇದೆ, ಅದನ್ನು ಆಫ್ ಇಡಿ. ಭದ್ರತಾ ಅಪ್‌ಡೇಟ್‌ಗಳು ಆಗಲೂ ಬರುತ್ತವೆ. ಗೆಳೆಯನಿಗೆ ಸಿಕ್ಕ ಹೊಸ ಆವೃತ್ತಿ ನಿಮಗೆ ಇನ್ನೂ ಸಿಕ್ಕಿಲ್ಲ ಅಂದರೆ ಐಎಸ್ಒ ಡೌನ್‌ಲೋಡ್ ಮಾಡಿ ಬಲವಂತವಾಗಿ ಹಾಕಬೇಡಿ. ನಿಮ್ಮ ಲ್ಯಾಪ್‌ಟಾಪ್‌ನ ಯಾವುದೋ ಡ್ರೈವರ್‌ಗೆ ತೊಂದರೆ ಇದೆ ಅಂತ ಗೊತ್ತಾಗಿ ಅವರೇ ತಡೆದಿರಬಹುದು. ಗೊತ್ತಿರುವ ತೊಂದರೆಗಳನ್ನು ಮೈಕ್ರೋಸಾಫ್ಟ್ Windows release health ಪುಟದಲ್ಲಿ ಹಾಕುತ್ತೆ. ಹಾಕೋ ಮುಂಚೆ ಅದನ್ನು ಒಮ್ಮೆ ಓದಿ, ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ.

ಕಾಪಿ ಮಾಡುವಾಗ ಹಳೆಯ ಫೋಲ್ಡರ್ ಮರೆತುಹೋಗಬಾರದು. Documents ಮೇಲೆ ರೈಟ್ ಕ್ಲಿಕ್ ಮಾಡಿ Properties ಒಳಗೆ Location ನೋಡಿ. ಅಲ್ಲಿ ಡಿ ಡ್ರೈವ್ ಅಂತ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಟೈಪ್ ಮಾಡಿ:

```
dir "%USERPROFILE%\Documents"
```

ಇದು ಸಿ ಡ್ರೈವ್‌ನ ಹಳೆಯ ಜಾಗದಲ್ಲಿ ಏನಿದೆ ಅಂತ ತೋರಿಸುತ್ತೆ.

ಈ ಕಥೆ ಹೇಳಿ ನನ್ನ ರೂಮ್‌ಮೇಟ್ ಕೈಯಲ್ಲೂ ಅದನ್ನು ಟೈಪ್ ಮಾಡಿಸಿದೆ. ಮೊದಲ ಸೆಮ್‌ನ ಸಿ ಪ್ರೋಗ್ರಾಂಗಳು, ಪಿಯುಸಿ ಮಾರ್ಕ್ಸ್ ಕಾರ್ಡ್‌ನ ಸ್ಕ್ಯಾನ್, ಅವನ ಅಜ್ಜಿಯ ಹಳೆಯ ಫೋಟೋಗಳು ಎಲ್ಲಾ ಅಲ್ಲೇ ಇದ್ದವು. "ಇವು ಇಲ್ಲಿವೆ ಅಂತಾನೇ ನಂಗೆ ಗೊತ್ತಿರಲಿಲ್ಲ ಕಣೋ" ಅಂದ. ಆವತ್ತು ಅವನು ಮೊದಲು ಪೆನ್‌ಡ್ರೈವ್ ಹುಡುಕಿದ.