ಮೈಕ್ರೋವೇವ್‌ನಲ್ಲಿ ಮೊಟ್ಟೆ, ಆಲೂಗಡ್ಡೆ ಸಿಡಿಯುವುದೇಕೆ?

ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೆಂದರೂ ಮೊಟ್ಟೆ ಸಿಡಿಯುವುದಿಲ್ಲ. ಹೆಚ್ಚೆಂದರೆ ಚಿಪ್ಪು ಬಿರುಕು ಬಿಟ್ಟು ಸ್ವಲ್ಪ ಬಿಳಿಭಾಗ ಹೊರಗೆ ಬರಬಹುದು. ಅದೇ ಮೊಟ್ಟೆ ಮೈಕ್ರೋವೇವ್ ಓವನ್ನಿನಲ್ಲಿ ಒಂದೆರಡು ನಿಮಿಷದಲ್ಲಿ ಸಿಡಿದು ಒಳಗೋಡೆಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಎರಡೂ ಕಡೆ ಮೊಟ್ಟೆ ಒಂದೇ, ಚಿಪ್ಪೂ ಒಂದೇ. ಬೇರೆಯಾಗಿರುವುದು ಶಾಖ ಒಳಗೆ ಸೇರುವ ಬಗೆ.

ಪಾತ್ರೆಯಲ್ಲಿ ಕುದಿಯುವ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗದು. ಉರಿ ಎಷ್ಟೇ ಜೋರಿದ್ದರೂ ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಮೊಟ್ಟೆಗೆ ಶಾಖ ಬರುವುದು ಆ ನೀರಿನಿಂದ ಮಾತ್ರ. ಆದ್ದರಿಂದ ಅದರ ನಡುಭಾಗ ನಿಧಾನವಾಗಿ ಬಿಸಿಯಾಗುತ್ತ 100 ಡಿಗ್ರಿಯ ಹತ್ತಿರ ಹೋಗಬಹುದೇ ಹೊರತು ಅದನ್ನು ದಾಟಲಾರದು. ಅಷ್ಟು ಶಾಖದಲ್ಲಿ ಒಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡವನ್ನು ಮೀರುವುದಿಲ್ಲ. ಚಿಪ್ಪನ್ನು ಒಡೆಯುವ ಬಲ ಹುಟ್ಟುವುದೇ ಇಲ್ಲ.

ಮೈಕ್ರೋವೇವ್‌ನಲ್ಲಿ ಈ ಮಿತಿ ಇಲ್ಲ. ಮನೆಯ ಓವನ್‌ಗಳು ಹೊಮ್ಮಿಸುವ ಅಲೆಗಳು ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುತ್ತವೆ. ಆಹಾರದಲ್ಲಿರುವ ನೀರಿನ ಅಣುಗಳು ಆ ಅಲೆಯ ಜೊತೆ ಹೊರಳಲು ಹವಣಿಸಿ ಪಕ್ಕದ ಅಣುಗಳಿಗೆ ತಾಕುತ್ತ ಅಲ್ಲಿಯೇ ಶಾಖ ಹುಟ್ಟಿಸುತ್ತವೆ. ಹೊರಗಿನಿಂದ ಶಾಖ ಹರಿದು ಬರಲೆಂದು ಒಳಭಾಗ ಕಾಯಬೇಕಾಗಿಲ್ಲ. ಮೈಕ್ರೋವೇವ್ ಆಹಾರವನ್ನು ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂಬ ಮಾತು ಸಾಮಾನ್ಯವಾಗಿ ನಿಜವಲ್ಲ. ನೀರಿನಂಶ ಹೆಚ್ಚಿರುವ ಆಹಾರದಲ್ಲಿ ಅಲೆಗಳು ಒಂದೆರಡು ಸೆಂಟಿಮೀಟರ್ ಸಾಗುವಷ್ಟರಲ್ಲಿ ಬಹುಪಾಲು ಬಲ ಕಳೆದುಕೊಳ್ಳುತ್ತವೆ. ಆದರೆ ಮೊಟ್ಟೆ ಮತ್ತು ಸಣ್ಣ ಆಲೂಗಡ್ಡೆಯ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅವುಗಳ ಅಗಲ ಕೇವಲ ನಾಲ್ಕೈದು ಸೆಂಟಿಮೀಟರ್. ಎಲ್ಲ ದಿಕ್ಕಿನಿಂದ ನುಗ್ಗುವ ಅಲೆಗಳು ನಡುವಿನಲ್ಲಿ ಸಂಧಿಸುತ್ತವೆ, ಉರುಟಾದ ಮೇಲ್ಮೈ ಅವನ್ನು ಒಳಕ್ಕೆ ಬಾಗಿಸಿ ಕೇಂದ್ರದ ಕಡೆ ಒಟ್ಟುಗೂಡಿಸುತ್ತದೆ. ಹೊರಮೈ ಓವನ್ನಿನ ತಣ್ಣನೆಯ ಗಾಳಿಗೆ ಶಾಖ ಬಿಟ್ಟುಕೊಡುತ್ತಿರುವಾಗ ನಡುಭಾಗ ಅದಕ್ಕಿಂತ ಬಿಸಿಯಾಗಿರುತ್ತದೆ. ಮುಟ್ಟಿ ನೋಡಿದವರಿಗೆ ಒಳಗಿನ ಸ್ಥಿತಿ ತಿಳಿಯದಿರುವುದು ಇದರಿಂದಲೇ.

ನಡುಭಾಗ 100 ಡಿಗ್ರಿ ದಾಟಿದ ಮೇಲೆ ಆಗುವುದೆಲ್ಲ ಆವಿಯ ಕೆಲಸ. ಒಂದು ಗ್ರಾಂ ನೀರು ಆವಿಯಾದರೆ, ತೆರೆದ ಜಾಗದಲ್ಲಿ ಸುಮಾರು 1.7 ಲೀಟರ್ ಸ್ಥಳ ಬೇಡುತ್ತದೆ. 50 ಗ್ರಾಂ ತೂಗುವ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ಅದರಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗ, ಅಂದರೆ ಎರಡು ಹನಿಯಷ್ಟು ನೀರು ಆವಿಯಾದರೂ 170 ಮಿಲಿಲೀಟರ್ ಜಾಗ ಬೇಕು. ಇಡೀ ಮೊಟ್ಟೆಯ ಗಾತ್ರ ಅದರ ಮೂರನೇ ಒಂದು ಭಾಗವೂ ಇಲ್ಲ. ಜಾಗ ಸಿಗದ ಆವಿ ಒತ್ತಡವಾಗಿ ಕೂಡಿಕೊಳ್ಳುತ್ತದೆ. ಒಳಗೆ 120 ಡಿಗ್ರಿ ಶಾಖವಾದರೆ ಒತ್ತಡ ಗಾಳಿಯ ಒತ್ತಡದ ಸುಮಾರು ಎರಡರಷ್ಟಾಗುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನೊಳಗೂ ಹೆಚ್ಚುಕಡಿಮೆ ಇಷ್ಟೇ ಒತ್ತಡ. ಕುಕ್ಕರಿಗೆ ದಪ್ಪ ಲೋಹದ ಗೋಡೆ ಇದೆ, ಹೆಚ್ಚಾದ ಹಬೆಯನ್ನು ಬಿಡುವ ವೆಯಿಟ್ ಇದೆ, ಅದೂ ಕೈಕೊಟ್ಟರೆ ಸೇಫ್ಟಿ ವಾಲ್ವ್ ಇದೆ. ಮೊಟ್ಟೆಗೆ ಇವು ಯಾವುವೂ ಇಲ್ಲ.

ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿರುವುದು ನಿಜ. ಅವು ಬೆಳೆಯುವ ಮರಿಯ ಉಸಿರಾಟಕ್ಕೆ ಸಾಲುವಂಥವು. ಕ್ಷಣಕ್ಷಣಕ್ಕೂ ಹುಟ್ಟುವ ಆವಿಯನ್ನು ಅಷ್ಟೇ ವೇಗವಾಗಿ ಬಿಡಲು ಸಾಲವು. ಚಿಪ್ಪಿನ ಒಳಗೆ ಎರಡು ಪೊರೆಗಳಿವೆ. ಬಿಳಿಭಾಗ 60 ಡಿಗ್ರಿ ದಾಟುತ್ತಲೇ ಗಟ್ಟಿಯಾಗತೊಡಗಿ ಮತ್ತೊಂದು ಗೋಡೆಯಾಗುತ್ತದೆ. ಅದರೊಳಗೆ ಹಳದಿಭಾಗಕ್ಕೆ ಅದರದೇ ಪೊರೆ. ಹೀಗೆ ಗೋಡೆಯೊಳಗೆ ಗೋಡೆ ಇರುವುದರಿಂದ ಚಿಪ್ಪನ್ನು ತೆಗೆದುಬಿಟ್ಟರೆ ಅಪಾಯ ಮುಗಿಯಿತು ಎಂಬ ನಂಬಿಕೆ ತಪ್ಪು. ಬೇಯಿಸಿ ಸುಲಿದು ಫ್ರಿಜ್ಜಿನಲ್ಲಿಟ್ಟ ಮೊಟ್ಟೆಯನ್ನು ಇಡಿಯಾಗಿ ಮತ್ತೆ ಬಿಸಿಮಾಡುವುದು, ಅಪಾಯವೇ ಇಲ್ಲವೆಂಬಂತೆ ಕಾಣುವ ಕಾರಣಕ್ಕೆ, ಹಸಿ ಮೊಟ್ಟೆಗಿಂತಲೂ ಹೆಚ್ಚು ಜನರನ್ನು ಮೋಸಗೊಳಿಸುತ್ತದೆ.

ಈ ಸುಲಿದ ಮೊಟ್ಟೆಯ ವಿಷಯ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹೋಟೆಲೊಂದರಲ್ಲಿ ಮೈಕ್ರೋವೇವ್‌ನಲ್ಲಿ ಬಿಸಿಮಾಡಿದ ಮೊಟ್ಟೆ ಬಾಯಲ್ಲಿ ಸಿಡಿದು ಸುಟ್ಟ ಗಾಯವಾಯಿತು, ಕಿವಿಗೂ ಹಾನಿಯಾಯಿತು ಎಂದು ಗ್ರಾಹಕರೊಬ್ಬರು ದಾವೆ ಹೂಡಿದ್ದರು. ಅದಕ್ಕಾಗಿ ಆಂಥನಿ ನ್ಯಾಶ್ ಮತ್ತು ಲಾರೆನ್ ವಾನ್ ಬ್ಲೋನ್ ಎಂಬ ಧ್ವನಿತಜ್ಞರು ನೂರರ ಹತ್ತಿರ ಮೊಟ್ಟೆಗಳನ್ನು ಪರೀಕ್ಷಿಸಿ, 2017ರ ಡಿಸೆಂಬರಿನಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಸಭೆಯಲ್ಲಿ ಫಲಿತಾಂಶ ಮಂಡಿಸಿದರು. ಬೇಯಿಸಿದ ಮೊಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿ ಮೂರು ನಿಮಿಷ ಬಿಸಿಮಾಡಿದರು. ಕೆಲವು ಒಳಗೇ ಸಿಡಿದವು. ಉಳಿದವನ್ನು ಹೊರತೆಗೆದು ಮೊನಚಾದ ಥರ್ಮಾಮೀಟರಿನಿಂದ ಚುಚ್ಚಿದಾಗ ಸುಮಾರು ಶೇಕಡಾ 30ರಷ್ಟು ಸಿಡಿದವು. ಒಂದಡಿ ದೂರದಲ್ಲಿ ಅಳೆದ ಸದ್ದು 86ರಿಂದ 133 ಡೆಸಿಬೆಲ್‌ವರೆಗೆ ಇತ್ತು. ಕಿವಿ ಹಾಳಾಗುವ ಸಂಭವ ಕಡಿಮೆ ಎಂಬುದು ಅವರ ತೀರ್ಮಾನ. ಆದರೆ ಅಡುಗೆ ಮಾಡುವವರಿಗೆ ಹೆಚ್ಚು ಬೇಕಾದದ್ದು ಅವರ ಇನ್ನೊಂದು ಅಳತೆ: ಹಳದಿಭಾಗ ಸುತ್ತಲಿನ ನೀರಿಗಿಂತ ಹೆಚ್ಚು ಬಿಸಿಯಾಗಿತ್ತು.

ಅವರು ಕೊಟ್ಟ ವಿವರಣೆ ಹೀಗಿದೆ. ಬೆಂದು ಗಟ್ಟಿಯಾದ ಹಳದಿಯಲ್ಲಿ ಪ್ರೋಟೀನಿನ ನಡುವೆ ನೀರು ಪುಟ್ಟ ಪುಟ್ಟ ಗೂಡುಗಳಲ್ಲಿ ಸಿಕ್ಕಿಬೀಳುತ್ತದೆ. ಆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಫೋರ್ಕ್ ಅಥವಾ ಹಲ್ಲು ಒಂದು ಗೂಡನ್ನು ಒಡೆದಾಗ ಅಲ್ಲಿನ ನೀರು ಥಟ್ಟನೆ ಕುದಿಯುತ್ತದೆ, ಆ ರಭಸಕ್ಕೆ ಪಕ್ಕದ ಗೂಡುಗಳೂ ಒಡೆಯುತ್ತವೆ. ಓವನ್ನಿನಲ್ಲಿ ಸಿಡಿಯದೆ ಹೊರಬಂದ ಮೊಟ್ಟೆ ತಟ್ಟೆಯಲ್ಲಿ ಅಥವಾ ಬಾಯಲ್ಲಿ ಸಿಡಿಯುವುದು ಹೀಗೆ. ಮುಖ ಓವನ್ನಿಗಿಂತ ತಟ್ಟೆಗೇ ಹತ್ತಿರವಾದ್ದರಿಂದ ಈ ಎರಡನೆಯ ಸಿಡಿತವೇ ಹೆಚ್ಚು ಕೆಟ್ಟದ್ದು.

ಚಿಪ್ಪಿರುವ ಮೊಟ್ಟೆಗೆ ಸೂಜಿಯಿಂದ ಒಂದು ತೂತು ಮಾಡಿದರೆ ಸಾಕೆಂಬ ಸಲಹೆ ಚಾಲ್ತಿಯಲ್ಲಿದೆ. ಅದನ್ನು ನಂಬುವಂತಿಲ್ಲ. ತೂತಿನ ಬಳಿಯ ಬಿಳಿಭಾಗ ಮೊದಲು ಗಟ್ಟಿಯಾಗಿ ದಾರಿ ಮುಚ್ಚಿಬಿಡಬಹುದು, ಹಳದಿಯ ಪೊರೆಯಂತೂ ಹಾಗೆಯೇ ಉಳಿದಿರುತ್ತದೆ. ಚಿಪ್ಪಿನ ಮೊಟ್ಟೆಗೆ ಒಲೆಯೇ ಸರಿ. ಮೈಕ್ರೋವೇವ್‌ನಲ್ಲೇ ಬೇಯಿಸಬೇಕಾದರೆ ಮೊಟ್ಟೆಯನ್ನು ಬಟ್ಟಲಿಗೆ ಒಡೆದು ಹಾಕಿ, ಹಳದಿಯ ಪೊರೆಗೆ ಟೂತ್‌ಪಿಕ್ ಅಥವಾ ಫೋರ್ಕಿನ ತುದಿಯಿಂದ ಮೂರು ನಾಲ್ಕು ಕಡೆ ಚುಚ್ಚಬೇಕು. ಸಡಿಲವಾಗಿ ಮುಚ್ಚಿ ಅರ್ಧ ಪವರ್‌ನಲ್ಲಿ ಅರ್ಧರ್ಧ ನಿಮಿಷದಂತೆ ಬಿಸಿಮಾಡಿ, ನಡುವೆ ಒಂದು ನಿಮಿಷ ಬಿಡಬೇಕು. ಆ ಬಿಡುವಿನಲ್ಲಿ ಶಾಖ ಸಮನಾಗಿ ಹರಡುತ್ತದೆ. ಮೊಟ್ಟೆಯನ್ನು ಚೆನ್ನಾಗಿ ಕದಡಿ ಬೇಯಿಸಿದರೆ ಪೊರೆಯೇ ಇಲ್ಲವಾದ್ದರಿಂದ ಇನ್ನೂ ನಿಶ್ಚಿಂತೆ. ಬೇಯಿಸಿದ ಮೊಟ್ಟೆಯನ್ನು ಮತ್ತೆ ಬಿಸಿಮಾಡುವಾಗ ಹಳದಿ ತೆರೆದುಕೊಳ್ಳುವಂತೆ ನಾಲ್ಕು ಹೋಳು ಮಾಡಬೇಕು. ನಿನ್ನೆಯ ಮೊಟ್ಟೆ ಸಾರನ್ನು ಬಿಸಿಮಾಡುವವರು ಮೊಟ್ಟೆಯನ್ನು ಎತ್ತಿಟ್ಟು, ಸಾರನ್ನಷ್ಟೇ ಕುದಿಸಿ, ಹೋಳುಗಳನ್ನು ಅದಕ್ಕೆ ಹಾಕಿ ಎರಡು ನಿಮಿಷ ಮುಚ್ಚಿಡುವುದು ಎಲ್ಲಕ್ಕಿಂತ ಸುಲಭ.

ಆಲೂಗಡ್ಡೆ ಇಷ್ಟು ಹಟಮಾರಿಯಲ್ಲ. ಅದರಲ್ಲೂ ಶೇಕಡಾ 80ರ ಹತ್ತಿರ ನೀರಿದೆ, ಸಿಪ್ಪೆ ಬೆಂಡಿನಂಥ ಜೀವಕೋಶಗಳಿಂದ ಆದದ್ದು. ಮಣ್ಣಿನಲ್ಲಿರುವ ಗೆಡ್ಡೆಯ ನೀರು ಆರದಂತೆ ಕಾಯುವುದೇ ಆ ಸಿಪ್ಪೆಯ ಕೆಲಸ, ಹಾಗಾಗಿ ಆವಿಯನ್ನೂ ಅದು ಸುಲಭವಾಗಿ ಬಿಡದು. ಆದರೂ ಸಿಪ್ಪೆಯಲ್ಲಿ ಉಸಿರಾಟದ ಸಣ್ಣ ಕಿಂಡಿಗಳಿವೆ, ಎಷ್ಟೋ ಸಲ ಗೀರು, ಗಾಯಗಳೂ ಇರುತ್ತವೆ. ಚುಚ್ಚದೆ ಇಟ್ಟ ಆಲೂಗಡ್ಡೆಗಳಲ್ಲಿ ಅನೇಕವು ಸಿಡಿಯದೇ ಬೇಯುವುದು ಇದರಿಂದ. ಹತ್ತು ಸಲ ಏನೂ ಆಗಲಿಲ್ಲವೆಂದು ಹನ್ನೊಂದನೆಯ ಸಲವೂ ಆಗದು ಎನ್ನಲಾಗದು. ನುಣುಪಾದ, ಬಿಗಿ ಸಿಪ್ಪೆಯ, ಗಾಯವಿಲ್ಲದ ಗೆಡ್ಡೆಯೇ ಹೆಚ್ಚು ಅಪಾಯದ್ದು.

ಸುಮಾರು 200 ಗ್ರಾಮಿನ ಒಂದು ಆಲೂಗಡ್ಡೆಯನ್ನು ತೊಳೆದು, ಫೋರ್ಕಿನಿಂದ ಸುತ್ತಲೂ ಆರರಿಂದ ಎಂಟು ಕಡೆ, ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಚುಚ್ಚಬೇಕು. ಸಿಪ್ಪೆಯನ್ನು ತಾಗಿಸಿದರಷ್ಟೇ ಸಾಲದು, ಒಳಗಿನ ತಿರುಳಿಗೆ ದಾರಿಯಾಗಬೇಕು. ತೆಳುವಾದ ಸೂಜಿಯ ತೂತು ಪಿಷ್ಟ ಬೆಂದು ಉಬ್ಬಿದಾಗ ಮುಚ್ಚಿಕೊಳ್ಳಬಹುದು. ಒಂದೇ ಬದಿಗೆ ಚುಚ್ಚಿ ಆ ಬದಿಯನ್ನೇ ತಟ್ಟೆಗೆ ಒತ್ತಿ ಇಟ್ಟರೂ ಪ್ರಯೋಜನವಿಲ್ಲ. 800 ವಾಟ್ ಆಸುಪಾಸಿನ ಓವನ್ನಿನಲ್ಲಿ ಇದಕ್ಕೆ ಐದಾರು ನಿಮಿಷ ಬೇಕು, ಅರ್ಧದಲ್ಲಿ ಒಮ್ಮೆ ಮಗುಚಬೇಕು. ಚುಚ್ಚಿದ ಜಾಗಗಳಿಂದ ಸಣ್ಣಗೆ ಹಬೆ ಹೊರಡುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಸಿಪ್ಪೆ ಉಬ್ಬಿ, ಕೀರಲು ಸಿಳ್ಳೆಯಂಥ ಸದ್ದು ಕೇಳಿದರೆ ಕೂಡಲೇ ನಿಲ್ಲಿಸಬೇಕು. ಬೆಂದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು ನಂತರ ಹೆಚ್ಚಬೇಕು. ಗೆಣಸು, ಇಡೀ ಬದನೆಕಾಯಿ, ಟೊಮೆಟೊ, ಕೋಳಿಯ ಈಲಿ, ಸಾಸೇಜ್ ಇವಕ್ಕೂ ಇದೇ ಕ್ರಮ. ಬದನೆಗೆ ಚುಚ್ಚುವುದಕ್ಕಿಂತ ಉದ್ದಕ್ಕೆ ಸೀಳುವುದು ಮೇಲು.

ಚುಚ್ಚುವುದು ಸಿಡಿತವನ್ನು ತಡೆಯುತ್ತದೆ. ಮುಚ್ಚುವುದು ಸಿಡಿದದ್ದನ್ನು ಓವನ್ನಿನ ತುಂಬ ಹರಡದಂತೆ ಹಿಡಿದಿಟ್ಟು, ಹಬೆಯನ್ನು ಆಹಾರದ ಸುತ್ತ ಉಳಿಸಿ ಸಮನಾಗಿ ಬೇಯಲು ನೆರವಾಗುತ್ತದೆ. ಒಂದು ಇನ್ನೊಂದರ ಬದಲಿಯಲ್ಲ. ಬಿಗಿಯಾಗಿ ಮುಚ್ಚಿದರೆ ಚಿಪ್ಪಿನಂಥ ಇನ್ನೊಂದು ಗೋಡೆ ಕಟ್ಟಿದಂತಾಗುತ್ತದೆ. ಆದ್ದರಿಂದ ಗಾಳಿಯಾಡದ ಡಬ್ಬಿಯ ಲಾಕ್ ಬಿಚ್ಚಿ, ಮುಚ್ಚಳವನ್ನು ಓರೆಯಾಗಿ ಇಡಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸುವುದಾದರೆ ಅದು ಮೈಕ್ರೋವೇವ್‌ಗೆ ತಕ್ಕದ್ದಾಗಿರಬೇಕು, ಆಹಾರಕ್ಕೆ ತಾಗಬಾರದು, ಒಂದು ಮೂಲೆ ಮಡಚಿ ಬಿಟ್ಟಿರಬೇಕು. ಬಟ್ಟಲಿನ ಮೇಲೆ ಬೋರಲು ಹಾಕಿದ ಪಿಂಗಾಣಿ ತಟ್ಟೆ ಅಥವಾ ಅಡುಗೆಮನೆಯ ಒದ್ದೆ ಪೇಪರ್ ಟವೆಲ್ ಸಾಕಾಗುತ್ತದೆ. ಸ್ಟೀಲ್ ತಟ್ಟೆ, ಅಲ್ಯೂಮಿನಿಯಂ ಫಾಯಿಲ್ ಅಲೆಗಳನ್ನು ತಡೆದು ಕಿಡಿ ಹಾರಿಸಬಹುದು, ಹಳೆಯ ನ್ಯೂಸ್‌ಪೇಪರ್ ಹೊತ್ತಿಕೊಳ್ಳಬಹುದು. ಮುಚ್ಚಳ ತೆಗೆಯುವಾಗ ಮುಖದಿಂದ ದೂರದ ಅಂಚನ್ನು ಮೊದಲು ಎತ್ತಬೇಕು, ಹಬೆ ಆ ಕಡೆಗೆ ಹೋಗುತ್ತದೆ.

ಅಪ್ಪಿತಪ್ಪಿ ಇಡೀ ಮೊಟ್ಟೆಯನ್ನು ಬಿಸಿಮಾಡಿದ್ದು ಗೊತ್ತಾದರೆ ಓವನ್ ಆರಿಸಿ, ಬಾಗಿಲನ್ನು ತೆರೆಯದೆ ಹತ್ತು ನಿಮಿಷವಾದರೂ ಬಿಡಬೇಕು. ಅಷ್ಟರಲ್ಲಿ ಸಿಡಿದರೂ ಓವನ್ನಿನೊಳಗೇ ಉಳಿಯುತ್ತದೆ. ಸಿಡಿಯದೆ ಉಳಿದ ಮೊಟ್ಟೆಯನ್ನು ಪೂರ್ತಿ ತಣ್ಣಗಾಗುವ ತನಕ ಚುಚ್ಚಬಾರದು, ಕತ್ತರಿಸಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು.